ಏಪ್ರಿಲ್ ಒಂದಕ್ಕೆ ಎರಡು ರೂಪಾಯಿ

ಹಳ್ಳಿ ಹೋಟೆಲುಗಳಲ್ಲಿ ಇಡ್ಲಿ ದರ ಏರುವ ರೀತಿಯನ್ನು ನೀವೂ ನೋಡಿರುತ್ತೀರಿ. ಎರಡು ಮೂರು ವರ್ಷ ಅದು ಕದಲುವುದೇ ಇಲ್ಲ. ಆಮೇಲೆ ಒಂದು ದಿನ ಗೋಡೆ ಮೇಲಿನ ದರಪಟ್ಟಿಯಲ್ಲಿ 30 ಅಳಿಸಿ 40 ಎಂದು ಬರೆದಿರುತ್ತಾರೆ. ಗಿರಾಕಿಗಳು ಗೊಣಗುತ್ತಾರೆ. ಮಾಲೀಕರು ಮುಖ ಕೆಳಗೆ ಹಾಕಿಕೊಂಡು ‘ಎಲ್ಲಾ ರೇಟು ಏರಿದೆ, ಏನ್ ಮಾಡೋದು’ ಅನ್ನುತ್ತಾರೆ. ಒಂದು ವಾರ ಗಲ್ಲಾದ ಮುಂದೆ ಇದೇ ಮಾತು.

ಇದರಲ್ಲಿ ಇಬ್ಬರಿಗೂ ನಷ್ಟ ಇದೆ ಎಂಬುದು ನಮ್ಮ ಅಭಿಪ್ರಾಯ. ಗಿರಾಕಿಗೆ ಒಮ್ಮೆಲೇ ಹತ್ತು ರೂಪಾಯಿ ಹೊರೆ. ಮಾಲೀಕರಿಗೆ ಅದಕ್ಕಿಂತ ದೊಡ್ಡ ನಷ್ಟ ಆಗಲೇ ಆಗಿಹೋಗಿರುತ್ತದೆ, ಏಕೆಂದರೆ ದರ ಕದಲದೆ ನಿಂತಿದ್ದ ಆ ಮೂರು ವರ್ಷವೂ ಅವರ ದುಡಿಮೆ ಕರಗುತ್ತಲೇ ಇತ್ತು. ಇದಕ್ಕೆ ನಾವು ಹೇಳುವ ದಾರಿ ಸರಳವಾದದ್ದು. ವರ್ಷಕ್ಕೊಮ್ಮೆ, ಗೊತ್ತಾದ ಒಂದೇ ದಿನ, ಲೆಕ್ಕ ನೋಡಿ, ಒಂದೆರಡು ರೂಪಾಯಿಯ ಹೆಜ್ಜೆ ಇಡುವುದು. ಹೇಗೆ ಅನ್ನುವುದನ್ನು ಒಂದು ಹೋಟೆಲಿನ ಲೆಕ್ಕ ಇಟ್ಟುಕೊಂಡೇ ನೋಡೋಣ.

ಲೆಕ್ಕಕ್ಕೊಂದು ಹೋಟೆಲು

ಇದು ನಾವು ಲೆಕ್ಕಕ್ಕಾಗಿ ಕಟ್ಟಿಕೊಂಡ ಹೋಟೆಲು. ಬಸ್‌ಸ್ಟ್ಯಾಂಡ್ ಪಕ್ಕದಲ್ಲಿದೆ, ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ದಿನಕ್ಕೆ 80 ಪ್ಲೇಟು ಇಡ್ಲಿ, ಪ್ಲೇಟಿಗೆ 30 ರೂಪಾಯಿ. 60 ಪ್ಲೇಟು ರೈಸ್‌ಬಾತು, ಪ್ಲೇಟಿಗೆ 35. ಟೀ 150 ಗ್ಲಾಸು, ಗ್ಲಾಸಿಗೆ 10. ಎಲ್ಲ ಸೇರಿ ದಿನದ ವ್ಯಾಪಾರ 6,000 ರೂಪಾಯಿ. ತಿಂಗಳಿಗೆ 26 ದಿನ ಬಾಗಿಲು ತೆಗೆಯುತ್ತಾರೆ.

ಇನ್ನು ಖರ್ಚು. ಅಕ್ಕಿ, ಬೇಳೆ, ಎಣ್ಣೆ, ಕಾಯಿ, ತರಕಾರಿ ಸೇರಿ ದಿನಕ್ಕೆ 2,300. ಹಾಲು, ಸಕ್ಕರೆ, ಟೀ ಪುಡಿಗೆ 600. ಸಿಲಿಂಡರ್ ಮೂರು ದಿನಕ್ಕೊಂದು ಖಾಲಿಯಾಗುತ್ತದೆ ಎಂದಿಟ್ಟುಕೊಂಡರೆ ಗ್ಯಾಸಿಗೆ ದಿನಕ್ಕೆ 600. ಒಬ್ಬ ಪೂರ್ತಿ ದಿನದ ಆಳು, ಒಬ್ಬರು ಅರ್ಧ ದಿನ ಪಾತ್ರೆ ತೊಳೆಯುವವರು, ಇಬ್ಬರ ಕೂಲಿ 750. ಬಾಡಿಗೆ, ಕರೆಂಟು, ನೀರಿಗೆ ದಿನಕ್ಕೆ 250 ಬೀಳುತ್ತದೆ. ಒಟ್ಟು 4,500. ಗಂಡ ಹೆಂಡತಿಯ ಕೈಗೆ ಉಳಿಯುವುದು ದಿನಕ್ಕೆ 1,500 ರೂಪಾಯಿ.

ಈಗ ವರ್ಷಕ್ಕೆ ಖರ್ಚು ನೂರಕ್ಕೆ ಆರರಂತೆ ಏರುತ್ತದೆ ಅಂದುಕೊಳ್ಳಿ. ಆರು ಅಂದರೆ ಕೇಳಲು ಚಿಕ್ಕದು. ‘ಒಂದು ವರ್ಷ ತಡೆದುಕೊಳ್ಳಬಹುದು ಬಿಡಿ’ ಅನ್ನಿಸುತ್ತದೆ. ಆದರೆ 4,500ಕ್ಕೆ ನೂರಕ್ಕೆ ಆರು ಅಂದರೆ 270 ರೂಪಾಯಿ. ವ್ಯಾಪಾರ ಅದೇ 6,000 ಇದ್ದರೆ ಆ 270 ಬರುವುದು ಎಲ್ಲಿಂದ? ಕೈಗೆ ಉಳಿಯುತ್ತಿದ್ದ 1,500ರಿಂದಲೇ. ಅದು 1,230ಕ್ಕೆ ಇಳಿಯುತ್ತದೆ. ಖರ್ಚು ಏರಿದ್ದು ನೂರಕ್ಕೆ ಆರು, ಮನೆಯವರ ದುಡಿಮೆ ಇಳಿದದ್ದು ನೂರಕ್ಕೆ ಹದಿನೆಂಟು.

ಎರಡನೇ ವರ್ಷವೂ ದರ ಮುಟ್ಟದಿದ್ದರೆ ಉಳಿಯುವುದು 944. ಮೂರನೇ ವರ್ಷ 640. ಅಂದರೆ ಮೂರನೇ ವರ್ಷ ಮಾಲೀಕರು ತಮ್ಮ ಆಳಿಗಿಂತ ಸ್ವಲ್ಪವೇ ಹೆಚ್ಚು ಸಂಪಾದಿಸುತ್ತಿರುತ್ತಾರೆ, ಅದೂ ಇಬ್ಬರು ದುಡಿದು. ಮೂರೂ ವರ್ಷ ಕೈತಪ್ಪಿದ ಹಣ ಕೂಡಿಸಿದರೆ ಐದು ಲಕ್ಷ ರೂಪಾಯಿಗೂ ಹೆಚ್ಚಾಗುತ್ತದೆ. ಇಷ್ಟು ದೊಡ್ಡ ಮೊತ್ತ ಹೋದದ್ದು ಯಾಕೆ ಕಣ್ಣಿಗೆ ಬೀಳಲಿಲ್ಲ ಎಂದರೆ, ಗಲ್ಲಾದಲ್ಲಿ ದಿನಾ ಸಂಜೆ ಎಣಿಸುವ ಹಣ ಅದೇ 6,000 ಇತ್ತು. ಗಲ್ಲಾ ತುಂಬಿದ್ದನ್ನು ನೋಡುವವರಿಗೆ ಕರಗಿದ್ದು ಕಾಣುವುದಿಲ್ಲ. ಅಂಗಡಿಯ ಬಾಕಿ ಬೆಳೆದಾಗ, ಮಗಳ ಕಾಲೇಜು ಫೀಸಿಗೆ ಸಾಲ ಮಾಡಿದಾಗ ಗೊತ್ತಾಗುತ್ತದೆ.

ತಿಂಗಳ ಒಂದನೇ ತಾರೀಕಿನ ಪುಟ

ಲೆಕ್ಕ ಶುರುವಾಗುವುದು ಏಪ್ರಿಲ್‌ನಲ್ಲಲ್ಲ, ಪ್ರತಿ ತಿಂಗಳ ಒಂದನೇ ತಾರೀಕಿನಂದು. ಒಂದು ನೋಟ್‌ಬುಕ್ಕಿನಲ್ಲಿ ಒಂದು ಪುಟ ಸಾಕು. ಅಕ್ಕಿ, ಉದ್ದಿನಬೇಳೆ, ಎಣ್ಣೆ, ಕಾಯಿ, ಹಾಲು, ಸಕ್ಕರೆ, ಟೀ ಪುಡಿ, ಗ್ಯಾಸ್, ಈ ಎಂಟರ ದರ ಆ ದಿನ ಎಷ್ಟಿತ್ತೋ ಬರೆದಿಡಬೇಕು. ಐದು ನಿಮಿಷದ ಕೆಲಸ. ಒಂದನೇ ತಾರೀಕೇ ಯಾಕೆ ಅಂದರೆ ಹೋಟೆಲಿಗೆ ಬರುವ 19 ಕೆ.ಜಿ. ಸಿಲಿಂಡರಿನ ದರ ಸಾಮಾನ್ಯವಾಗಿ ತಿಂಗಳ ಮೊದಲ ದಿನವೇ ಬದಲಾಗುತ್ತದೆ.

ಇದರ ಜೊತೆಗೆ ವರ್ಷಕ್ಕೊಮ್ಮೆ, ಒಂದು ವಾರ ಮಾತ್ರ, ಒಂದು ದಿನಕ್ಕೆ ಏನೇನು ಎಷ್ಟೆಷ್ಟು ಖರ್ಚಾಗುತ್ತದೆ ಎಂದು ತೂಗಿ ನೋಡಬೇಕು. ವಾರದ ಮೊದಲ ದಿನ ಮೂಟೆ, ಡಬ್ಬ ತೂಗಿ ಬರೆದಿಡಿ. ವಾರದ ಕೊನೆಗೆ ಉಳಿದದ್ದು ತೂಗಿ. ನಡುವೆ ತಂದದ್ದನ್ನು ಸೇರಿಸಿ, ಬಾಗಿಲು ತೆಗೆದ ದಿನಗಳಿಂದ ಭಾಗಿಸಿದರೆ ದಿನದ ಅಳತೆ ಸಿಗುತ್ತದೆ. ನಮ್ಮ ಲೆಕ್ಕದ ಹೋಟೆಲಿನಲ್ಲಿ ಅದು ಅಕ್ಕಿ 11 ಕೆ.ಜಿ., ಉದ್ದಿನಬೇಳೆ 2 ಕೆ.ಜಿ., ಎಣ್ಣೆ 2 ಲೀಟರ್, ಹಾಲು 9 ಲೀಟರ್, ಸಿಲಿಂಡರಿನ ಮೂರರಲ್ಲಿ ಒಂದು ಭಾಗ ಎಂದಿಟ್ಟುಕೊಳ್ಳಿ. ಇದನ್ನು ನಾವು ‘ಒಂದು ದಿನದ ಚೀಟಿ’ ಎಂದು ಕರೆಯುತ್ತೇವೆ.

ಮಾರ್ಚ್ ಒಂದಕ್ಕೆ ಕೂತು, ಹನ್ನೆರಡು ತಿಂಗಳ ದರಗಳನ್ನು ಕೂಡಿಸಿ ಹನ್ನೆರಡರಿಂದ ಭಾಗಿಸಿ, ಆ ಸರಾಸರಿ ದರವನ್ನು ಚೀಟಿಯ ಅಳತೆಯಿಂದ ಗುಣಿಸಬೇಕು. ಹೋದ ವರ್ಷದ ಸರಾಸರಿಗೂ ಹಾಗೇ ಮಾಡಬೇಕು. ತರಕಾರಿಯ ತಿಂಗಳ ಖರ್ಚು, ಕೂಲಿ, ಬಾಡಿಗೆ, ಕರೆಂಟು ಬಿಲ್ಲನ್ನು ದಿನಕ್ಕೆ ಹಂಚಿ ಸೇರಿಸಿದರೆ ಎರಡು ಮೊತ್ತ ಸಿಗುತ್ತವೆ. ಎರಡರ ನಡುವಿನ ಅಂತರವೇ ನಿಮ್ಮ ಹೋಟೆಲಿನ ಬೆಲೆ ಏರಿಕೆ. ಟಿವಿಯಲ್ಲಿ ಹೇಳುವ ಹಣದುಬ್ಬರದ ಅಂಕಿ ಇಲ್ಲಿ ಕೆಲಸಕ್ಕೆ ಬಾರದು. ರಿಸರ್ವ್ ಬ್ಯಾಂಕ್ ಇಟ್ಟುಕೊಂಡ ಗುರಿ ನೂರಕ್ಕೆ ನಾಲ್ಕು, ಅದು ಇಡೀ ದೇಶದ ಮನೆಗಳ ಲೆಕ್ಕ. ಅದರಲ್ಲಿ ಬಟ್ಟೆ, ಔಷಧಿ, ಬಸ್ ಚಾರ್ಜು ಎಲ್ಲ ಇದೆ. ನಿಮ್ಮ ಒಲೆಯ ಮೇಲೆ ಅವು ಬೇಯುವುದಿಲ್ಲ.

ಸರಾಸರಿಯೇ ಯಾಕೆ, ಈ ತಿಂಗಳ ದರ ಯಾಕೆ ಸಾಲದು ಎಂದು ಕೇಳಬಹುದು. 2023ರ ಜುಲೈಯಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದ್ದು ನೆನಪಿರಬೇಕು. ಕೆಲವೇ ವಾರಗಳಲ್ಲಿ ಇಳಿದೂ ಹೋಯಿತು. ಆ ತಿಂಗಳ ದರ ಹಿಡಿದು ರೈಸ್‌ಬಾತಿಗೆ ಹತ್ತು ರೂಪಾಯಿ ಏರಿಸಿದವರು ಟೊಮೆಟೊ ಇಳಿದ ಮೇಲೆ ಏನು ಉತ್ತರ ಕೊಡಬೇಕು? ಗ್ಯಾಸ್ ದರವೂ ಹೀಗೆಯೇ, ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಇಳಿಯುತ್ತದೆ. ಹನ್ನೆರಡು ತಿಂಗಳ ಸರಾಸರಿಯಲ್ಲಿ ಈ ಏರಿಳಿತ ಸಮವಾಗಿ, ನಿಜವಾಗಿ ಏರಿ ಅಲ್ಲೇ ನಿಂತದ್ದು ಮಾತ್ರ ಉಳಿಯುತ್ತದೆ.

ಹಾಲಿನ ಲೆಕ್ಕ ಕೂಡ ನೋಡಬೇಕು, ಏಕೆಂದರೆ ಊರಲ್ಲಿ ಟೀ ದರದ ಜಗಳ ಶುರುವಾಗುವುದೇ ಹಾಲಿನಿಂದ. ನಂದಿನಿಯ ನೀಲಿ ಪ್ಯಾಕೆಟ್ ಹಾಲು 2023ರ ಜುಲೈವರೆಗೆ ಲೀಟರಿಗೆ 39 ರೂಪಾಯಿ ಇತ್ತು. 2025ರ ಏಪ್ರಿಲ್ ಒಂದರಿಂದ 46. ಎರಡು ವರ್ಷದೊಳಗೆ ಏಳು ರೂಪಾಯಿ. ಒಂಬತ್ತು ಲೀಟರಿಗೆ 63 ರೂಪಾಯಿ, 150 ಗ್ಲಾಸಿಗೆ ಹಂಚಿದರೆ ಗ್ಲಾಸಿಗೆ 42 ಪೈಸೆ. ಹಾಲು ಏರಿತು ಎಂದು ಮರುದಿನವೇ ಟೀಗೆ ಎರಡು ರೂಪಾಯಿ ಏರಿಸಿದರೆ ಗಿರಾಕಿ ಮನಸ್ಸಿನಲ್ಲೇ ಈ ಲೆಕ್ಕ ಹಾಕುತ್ತಾನೆ. ‘ಹಾಲಿನ ಹೆಸರಲ್ಲಿ ದುಡ್ಡು ಮಾಡ್ತಾರೆ’ ಅನ್ನುತ್ತಾನೆ. ಅವನ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಟೀ ದರ ಏರಬೇಕಾದದ್ದು ಹಾಲಿಗಷ್ಟೇ ಅಲ್ಲ, ಗ್ಯಾಸು, ಕೂಲಿ, ಸಕ್ಕರೆ, ಪುಡಿ, ಬಾಡಿಗೆ ಎಲ್ಲಕ್ಕೂ ಸೇರಿ. ಅದನ್ನು ಹೇಳಲು ಒಂದು ಗೊತ್ತಾದ ದಿನ ಬೇಕು. ಹಾಲಿನ ಸುದ್ದಿಯ ಬಾಲ ಹಿಡಿದು ಹೇಳಬಾರದು.

ದಿನ ಯಾವುದು?

ಯುಗಾದಿಗೆ ಹೊಸ ಲೆಕ್ಕ ಅನ್ನುವ ರೂಢಿ ನಮ್ಮಲ್ಲಿದೆ. ಉತ್ತರ ಕರ್ನಾಟಕದ ಕಡೆ ದೀಪಾವಳಿ ಪಾಡ್ಯಕ್ಕೆ ಖಾತೆ ಪೂಜೆ ಮಾಡುವ ವ್ಯಾಪಾರಿಗಳಿದ್ದಾರೆ. ಹಬ್ಬದ ದಿನವನ್ನೇ ಆರಿಸಿಕೊಂಡರೆ ತಪ್ಪಿಲ್ಲ, ಆದರೆ ಅದು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಹಬ್ಬದ ದಿನ ಖರ್ಚು ಮಾಡಿ ಬರಿಗೈಯಲ್ಲಿರುವ ಗಿರಾಕಿಗೆ ದರ ಏರಿಕೆಯ ಸುದ್ದಿ ಕೊಡುವುದೂ ಚೆನ್ನಲ್ಲ. ಜಾತ್ರೆ ಹತ್ತಿರವಂತೂ ಬೇಡವೇ ಬೇಡ. ‘ಜಾತ್ರೆ ರೇಟು’ ಅನ್ನುವ ಹೆಸರು ಒಮ್ಮೆ ಬಂದರೆ ಹೋಗುವುದಿಲ್ಲ.

ನಮ್ಮ ಆಯ್ಕೆ ಏಪ್ರಿಲ್ ಒಂದು. ಅದಕ್ಕೆ ಗಟ್ಟಿ ಕಾರಣಗಳಿವೆ. ಸರ್ಕಾರದ ಹಣಕಾಸು ವರ್ಷ ಅಂದು ಶುರು. ಕನಿಷ್ಠ ಕೂಲಿಗೆ ಸೇರುವ ತುಟ್ಟಿಭತ್ಯೆ ನಮ್ಮ ರಾಜ್ಯದಲ್ಲಿ ಏಪ್ರಿಲ್ ಒಂದರಿಂದ ಬದಲಾಗುತ್ತದೆ. ಕರೆಂಟಿನ ಹೊಸ ದರವೂ ಸಾಮಾನ್ಯವಾಗಿ ಏಪ್ರಿಲ್‌ನಿಂದಲೇ. ಇನ್ನೂ ಒಂದು ಕಾರಣ ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಹೋಟೆಲಿಗೆ ಬರುವ ಕೂಲಿಯವರ ಉದ್ಯೋಗ ಖಾತ್ರಿ ಕೂಲಿ ಕೂಡ ಏಪ್ರಿಲ್ ಒಂದರಿಂದಲೇ ಪರಿಷ್ಕರಣೆ ಆಗುತ್ತ ಬಂದಿದೆ. ಕರ್ನಾಟಕದಲ್ಲಿ ಅದು 2024–25ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು, 2025–26ರಲ್ಲಿ 370 ಆಯಿತು. ನೂರಕ್ಕೆ ಸರಿಸುಮಾರು ಆರು. ನೂರಕ್ಕೆ ಆರರ ಸುತ್ತ ಏರುವ ದರಪಟ್ಟಿಗೆ ಅದು ಒಂದು ಒಳ್ಳೆಯ ಅಳತೆಗೋಲು.

ಹಾಗಾಗಿ ತಾರೀಕುಗಳು ಹೀಗಿರಲಿ. ಮಾರ್ಚ್ 1ಕ್ಕೆ ಲೆಕ್ಕ. ಮಾರ್ಚ್ 10ರೊಳಗೆ ಮನೆಯವರು ಕೂತು ತೀರ್ಮಾನ. ಮಾರ್ಚ್ 15ಕ್ಕೆ ಬೋರ್ಡು. ಏಪ್ರಿಲ್ 1ಕ್ಕೆ ಹೊಸ ದರ. ಪ್ರತಿ ವರ್ಷವೂ ಇವೇ ತಾರೀಕು. ಏರಿಸಲು ‘ಸರಿಯಾದ ಸಮಯ’ ಕಾಯುತ್ತ ಕೂತವರಿಗೆ ಆ ಸಮಯ ಬರುವುದೇ ಇಲ್ಲ. ಒಮ್ಮೆ ಮಳೆ ಇಲ್ಲ, ಒಮ್ಮೆ ಚುನಾವಣೆ, ಒಮ್ಮೆ ಪಕ್ಕದ ಹೋಟೆಲಿನವರು ಏರಿಸಿಲ್ಲ. ತಾರೀಕು ಗೊತ್ತಿದ್ದರೆ ಧೈರ್ಯಕ್ಕಾಗಿ ಕಾಯಬೇಕಾಗಿಲ್ಲ.

ಎಷ್ಟು ಏರಿಸಬೇಕು?

ನಮ್ಮ ಹೋಟೆಲಿಗೆ ಮರಳೋಣ. ಏರಿದ ಖರ್ಚು ದಿನಕ್ಕೆ 270. ಅಷ್ಟೇ ತುಂಬಿದರೆ ಕೈಗೆ ಉಳಿಯುವುದು ಹಳೆಯ 1,500. ಆದರೆ ಹೋಟೆಲಿನವರೂ ಅದೇ ಕಿರಾಣಿ ಅಂಗಡಿಗೆ ಹೋಗುವವರು, ಅವರ ಮನೆಯ ಖರ್ಚೂ ಏರಿದೆ. 1,500ಕ್ಕೆ ನೂರಕ್ಕೆ ಆರು ಅಂದರೆ 90. ಎರಡೂ ಸೇರಿ 360 ಬೇಕು.

ಎಲ್ಲಕ್ಕೂ ನೂರಕ್ಕೆ ಆರು ಏರಿಸೋಣ ಅಂದರೆ ಟೀ ಹತ್ತು ರೂಪಾಯಿ ಅರವತ್ತು ಪೈಸೆ ಆಗುತ್ತದೆ. ಅದು ನಡೆಯದು. ಆದ್ದರಿಂದ ಸರದಿ ಮಾಡಿಕೊಳ್ಳಬೇಕು. ಈ ವರ್ಷ ಇಡ್ಲಿ 30ರಿಂದ 32, 80 ಪ್ಲೇಟಿಗೆ 160 ಬಂತು. ರೈಸ್‌ಬಾತು 35ರಿಂದ 38, 60 ಪ್ಲೇಟಿಗೆ 180. ಒಟ್ಟು 340. ಟೀ ಹತ್ತೇ ರೂಪಾಯಿ ಇರಲಿ. 360ಕ್ಕೆ ಇಪ್ಪತ್ತು ರೂಪಾಯಿ ಕಡಿಮೆ ಬಿತ್ತು, ಪರವಾಗಿಲ್ಲ. ಮುಂದಿನ ವರ್ಷ ಟೀ 12, ರೈಸ್‌ಬಾತಿಗೆ ಒಂದು ರೂಪಾಯಿ, ಆಗ ಮತ್ತೆ 360 ಬರುತ್ತದೆ. ಹೀಗೆ ಪ್ರತಿ ವರ್ಷ ಒಂದಾದರೂ ಐಟಂ ಹಳೇ ದರದಲ್ಲೇ ನಿಲ್ಲುತ್ತದೆ. ಕೈಯಲ್ಲಿ ಕಾಸು ಕಡಿಮೆ ಇರುವ ಗಿರಾಕಿಗೆ ಅಲ್ಲೊಂದು ಆಸರೆ ಸಿಗುತ್ತದೆ.

ಮೂರು ವರ್ಷ ಕಾದು ಏರಿಸಿದರೆ? ಅಷ್ಟರಲ್ಲಿ ಬೇಕಾಗುವುದು ನೂರಕ್ಕೆ ಸುಮಾರು ಹತ್ತೊಂಬತ್ತು. ಲೆಕ್ಕದ ಪ್ರಕಾರ ಇಡ್ಲಿ 36 ಆಗಬೇಕು. ಆದರೆ ಒಮ್ಮೆ ಏರಿಸಲು ಮನಸ್ಸು ಗಟ್ಟಿ ಮಾಡಿಕೊಂಡವರು 36ಕ್ಕೆ ನಿಲ್ಲುವುದಿಲ್ಲ, ಮುಂದಿನ ಮೂರು ವರ್ಷಕ್ಕೂ ಸೇರಿಸಿ 40 ಮಾಡುತ್ತಾರೆ. ಗಿರಾಕಿ ಓಡುವುದು ಆ ನಾಲ್ಕು ರೂಪಾಯಿಗೆ. ವರ್ಷ ವರ್ಷ ಎರಡೆರಡು ರೂಪಾಯಿ ಏರಿಸಿದ್ದರೆ ಮೂರನೇ ವರ್ಷ ಇಡ್ಲಿ 36ರಲ್ಲೇ ಇರುತ್ತಿತ್ತು, ಮಾಲೀಕರ ಐದು ಲಕ್ಷದ ಬಹುಪಾಲೂ ಉಳಿಯುತ್ತಿತ್ತು.

ಗಿರಾಕಿ ಕಡಿಮೆಯಾದರೆ ಅನ್ನುವ ಭಯಕ್ಕೂ ಒಂದು ಲೆಕ್ಕ ಇದೆ. ಒಬ್ಬ ಗಿರಾಕಿ ಬರದಿದ್ದರೆ ಅವನ ಹಣ ಹೋಗುತ್ತದೆ, ಅವನಿಗಾಗಿ ಬೇಯಿಸಬೇಕಿದ್ದ ಅಕ್ಕಿ, ಗ್ಯಾಸು, ಹಾಲು ಉಳಿಯುತ್ತದೆ. ಕೂಲಿ, ಬಾಡಿಗೆ ಮಾತ್ರ ಹಾಗೇ ಇರುತ್ತವೆ. ಇದನ್ನೆಲ್ಲ ಸೇರಿಸಿ ನೋಡಿದರೆ ನಮ್ಮ ಹೋಟೆಲಿನಲ್ಲಿ ದರ ಏರಿದ ಮೇಲೆ ನೂರು ಮಂದಿಯಲ್ಲಿ ಹನ್ನೆರಡು ಮಂದಿ ಬಿಟ್ಟುಹೋದರೂ, ದರ ಏರಿಸದೆ ಎಲ್ಲರನ್ನೂ ಉಳಿಸಿಕೊಂಡಾಗ ಸಿಗುವಷ್ಟೇ ಹಣ ಸಿಗುತ್ತದೆ. ಎರಡು ರೂಪಾಯಿಗೆ ಹನ್ನೆರಡು ಮಂದಿ ಬಿಟ್ಟುಹೋಗುವ ಹೋಟೆಲಿನಲ್ಲಿ ದರಕ್ಕಿಂತ ಬೇರೆ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು.

ಕಡಿಮೆಯಾದರೋ ಇಲ್ಲವೋ ಎಂದು ತಿಳಿಯಲು ದಿನಾ ಸಂಜೆ ಎಷ್ಟು ಪ್ಲೇಟು ಹೋಯಿತು ಎಂದು ಬರೆದಿಡಬೇಕು. ಏಪ್ರಿಲ್‌ನ ಪ್ಲೇಟನ್ನು ಮಾರ್ಚ್‌ನ ಜೊತೆ ಹೋಲಿಸಬೇಡಿ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಮೇಷ್ಟ್ರುಗಳು, ಮಕ್ಕಳು ಬಸ್‌ಸ್ಟ್ಯಾಂಡಿಗೆ ಬರುವುದಿಲ್ಲ. ದರ ಏರಿಸದಿದ್ದರೂ ಆ ತಿಂಗಳು ವ್ಯಾಪಾರ ತಗ್ಗುತ್ತದೆ. ಹೋದ ವರ್ಷದ ಏಪ್ರಿಲ್ ಜೊತೆ ಹೋಲಿಸಿದರೆ ನಿಜ ಗೊತ್ತಾಗುತ್ತದೆ.

ಬೋರ್ಡು, ಚಿಲ್ಲರೆ, ಉದ್ರಿ

ಮಾರ್ಚ್ 15ರಂದು ಗಲ್ಲಾದ ಪಕ್ಕ ಒಂದು ರಟ್ಟು ನೇತುಹಾಕಿ. ‘ಏಪ್ರಿಲ್ 1ರಿಂದ ಇಡ್ಲಿ 32, ರೈಸ್‌ಬಾತ್ 38. ಟೀ ಹತ್ತೇ ರೂಪಾಯಿ. ಮುಂದಿನ ಏಪ್ರಿಲ್‌ವರೆಗೆ ಇದೇ ದರ.’ ಇಷ್ಟು ಸಾಕು. ಕ್ಷಮೆ ಕೇಳುವ ಸಾಲು, ದೊಡ್ಡ ವಿವರಣೆ ಬೇಡ. ಕೊನೆಯ ವಾಕ್ಯವೇ ಇಲ್ಲಿ ಮುಖ್ಯ, ಅದು ಗಿರಾಕಿಗೆ ಕೊಟ್ಟ ಮಾತು. ಯಾರಾದರೂ ‘ಯಾಕಣ್ಣ ಏರಿಸ್ದೆ?’ ಅಂದರೆ ‘ವರ್ಷಕ್ಕೊಂದೇ ಸಲ ಅಣ್ಣ, ಇನ್ನು ಮುಂದಿನ ಏಪ್ರಿಲ್‌ವರೆಗೂ ಮುಟ್ಟಲ್ಲ’ ಅನ್ನಬಹುದು. ಮೊದಲ ವರ್ಷ ಈ ಮಾತನ್ನು ಯಾರೂ ನಂಬದಿರಬಹುದು. ಮಾತು ಉಳಿಸಿಕೊಂಡರೆ ಎರಡನೇ ವರ್ಷ ನಂಬುತ್ತಾರೆ.

32, 38 ಅಂದರೆ ಚಿಲ್ಲರೆ ತಾಪತ್ರಯ ಅನ್ನುವವರಿದ್ದಾರೆ. ಫೋನಿನಲ್ಲಿ ಸ್ಕ್ಯಾನ್ ಮಾಡುವವರಿಗೆ 30ಕ್ಕೂ 32ಕ್ಕೂ ವ್ಯತ್ಯಾಸ ಇಲ್ಲ. ನೋಟು ಕೊಡುವವರಿಗಾಗಿ ಬ್ಯಾಂಕಿನಿಂದ ಎರಡು ರೂಪಾಯಿ ನಾಣ್ಯ ನೂರು ತಂದಿಟ್ಟುಕೊಳ್ಳಿ. ಚಿಲ್ಲರೆ ಬದಲಿಗೆ ಚಾಕೊಲೇಟು ಕೊಡಲು ಶುರು ಮಾಡಿದರೆ ಗಿರಾಕಿ ಅದನ್ನು ಇನ್ನೊಂದು ಏರಿಕೆ ಎಂದೇ ಎಣಿಸುತ್ತಾನೆ.

ಉದ್ರಿ ಪುಸ್ತಕದಲ್ಲಿ ಮಾತ್ರ ಎಚ್ಚರ ಬೇಕು. ತಿಂಗಳ ಲೆಕ್ಕದ ಗಿರಾಕಿಗಳ ಪುಟದಲ್ಲಿ ಮಾರ್ಚ್ 31ರ ರಾತ್ರಿ ಒಂದು ಗೆರೆ ಎಳೆದು, ಅಲ್ಲಿಯವರೆಗಿನ ಬಾಕಿ ಕೂಡಿಸಿ, ಅವರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ಗೆರೆಯ ಕೆಳಗೆ ಹೊಸ ದರ. ಹೀಗೆ ಮಾಡದಿದ್ದರೆ ಮಾರ್ಚ್‌ನಲ್ಲಿ ತಿಂದ ಇಡ್ಲಿಗೂ 32 ಹಾಕಿದರು ಅನ್ನುವ ಜಗಳ ಮೇ ತಿಂಗಳಲ್ಲಿ ಬರುತ್ತದೆ.

ಗಾತ್ರ ಇಳಿಸುವ ಅಡ್ಡದಾರಿ

ದರ ಏರಿಸಲು ಅಂಜಿದವರು ಹಿಡಿಯುವ ದಾರಿ ಗೊತ್ತೇ ಇದೆ. ಇಡ್ಲಿ ಚಿಕ್ಕದಾಗುತ್ತದೆ, ಚಟ್ನಿ ನೀರಾಗುತ್ತದೆ, ಟೀ ಗ್ಲಾಸಿನ ತಳ ದಪ್ಪಗಾಗುತ್ತದೆ. ಇದನ್ನು ಬೇಕೆಂದೇ ಮಾಡುವವರಿಗಿಂತ ತಮಗೇ ಗೊತ್ತಿಲ್ಲದೆ ಮಾಡುವವರು ಹೆಚ್ಚು. ಕಾಯಿ ದರ ಏರಿದ ದಿನ ಒಂದು ಹೋಳು ಕಡಿಮೆ ತುರಿಯುತ್ತಾರೆ, ಮರುದಿನದಿಂದ ಅದೇ ಅಳತೆಯಾಗಿಬಿಡುತ್ತದೆ. ಗಿರಾಕಿ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ದರ ಏರಿದ್ದಕ್ಕೆ ಬೈದವನು ನಾಳೆಯೂ ಬರುತ್ತಾನೆ, ರುಚಿ ಕೆಟ್ಟದ್ದಕ್ಕೆ ಸುಮ್ಮನಾದವನು ಬರುವುದಿಲ್ಲ.

ಇದನ್ನು ಹಿಡಿಯುವ ಉಪಾಯ ಸುಲಭ. ಮಾರ್ಚ್ 1ಕ್ಕೆ ಹತ್ತು ಪ್ಲೇಟಿನ ಇಡ್ಲಿ ಒಟ್ಟಿಗೆ ತೂಗಿ ಅದೇ ಪುಟದಲ್ಲಿ ಬರೆದಿಡಿ. ಚಟ್ನಿಯ ಸೌಟು, ಟೀ ಗ್ಲಾಸು ಬದಲಾಗಿದೆಯೇ ನೋಡಿ. ತಟ್ಟೆಯಲ್ಲಿ ಚಟ್ನಿ ಉಳಿಸಿ ಹೋಗುವವರು ಹೆಚ್ಚಾಗಿದ್ದರೆ ಅದೂ ಒಂದು ಸೂಚನೆ. ತೂಕ ಇಳಿದಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ದರ ಮುಟ್ಟಿ. ಚಿಕ್ಕ ಇಡ್ಲಿಗೆ ದೊಡ್ಡ ದರ ಕೇಳುವ ಹಕ್ಕು ಯಾರಿಗೂ ಇಲ್ಲ.

ನಡುವೆ ಏನಾದರೂ ಆದರೆ?

ವರ್ಷದ ನಡುವೆ ದೊಡ್ಡ ಏರಿಕೆ ಬಂದರೆ ಏನು ಮಾಡುವುದು? 2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಹೊರದೇಶದ ಅಡುಗೆ ಎಣ್ಣೆಯ ಮೇಲೆ ಆಮದು ಸುಂಕ ಏರಿಸಿತು, ಎಣ್ಣೆ ದರ ಜಿಗಿಯಿತು. ಅಂಥ ಸಮಯದಲ್ಲಿ ಲೀಟರಿಗೆ 25 ರೂಪಾಯಿ ಏರಿತು ಎಂದಿಟ್ಟುಕೊಂಡರೂ ನಮ್ಮ ಹೋಟೆಲಿಗೆ ಎರಡು ಲೀಟರಿಗೆ ಬೀಳುವುದು ದಿನಕ್ಕೆ 50 ರೂಪಾಯಿ. ನೋವು ನಿಜ, ಆದರೆ ದರಪಟ್ಟಿ ಅಳಿಸುವಷ್ಟಲ್ಲ. ಮುಂದಿನ ಮಾರ್ಚ್‌ನ ಸರಾಸರಿಯಲ್ಲಿ ಅದು ತಾನಾಗಿಯೇ ಸೇರುತ್ತದೆ.

ಒಂದು ಬಾಗಿಲು ಮಾತ್ರ ತೆರೆದಿಡಬಹುದು. ದಿನದ ಒಟ್ಟು ಖರ್ಚು, ಏಪ್ರಿಲ್‌ನಲ್ಲಿ ಹಿಡಿದ ಲೆಕ್ಕಕ್ಕಿಂತ ನೂರಕ್ಕೆ ಐದು ಮೀರಿ, ಎರಡು ತಿಂಗಳು ಹಾಗೇ ನಿಂತರೆ, ಅಕ್ಟೋಬರ್ 1ಕ್ಕೆ ಒಂದು ಐಟಂ ಮೇಲೆ ಒಂದು ಚಿಕ್ಕ ಹೆಜ್ಜೆ. ಅದನ್ನೂ ಹದಿನೈದು ದಿನ ಮೊದಲೇ ಬೋರ್ಡಿನಲ್ಲಿ ಹೇಳಬೇಕು, ಏಕೆಂದರೆ ಅದು ಏಪ್ರಿಲ್‌ವರೆಗೆ ಎಂದು ಕೊಟ್ಟ ಮಾತಿಗೆ ಹೊರತಾದದ್ದು. ಪ್ರತಿ ವರ್ಷ ಈ ಬಾಗಿಲು ತೆರೆಯಬೇಕಾಗಿ ಬಂದರೆ ಏಪ್ರಿಲ್‌ನಲ್ಲಿ ಕಡಿಮೆ ಏರಿಸುತ್ತಿದ್ದೀರಿ ಎಂದರ್ಥ.

ಇದರ ಇನ್ನೊಂದು ಮುಖವೂ ಇದೆ. ಯಾವುದೋ ವರ್ಷ ಎಣ್ಣೆ, ಬೇಳೆ, ತರಕಾರಿ ಇಳಿದು ಸರಾಸರಿ ಏರದೇ ಇದ್ದರೆ, ಏಪ್ರಿಲ್ ಒಂದು ಬಂದರೂ ದರ ಏರಬಾರದು. ಬೋರ್ಡು ಮಾತ್ರ ಬರಲೇಬೇಕು: ‘ಈ ವರ್ಷ ದರ ಬದಲಾಗಿಲ್ಲ.’ ಈ ಬೋರ್ಡು ಹಾಕುವ ಪ್ರಾಮಾಣಿಕತೆ ಇಲ್ಲದಿದ್ದರೆ ನಾವು ಇಲ್ಲಿಯವರೆಗೆ ಹೇಳಿದ್ದೆಲ್ಲ ಪ್ರತಿ ವರ್ಷ ದರ ಏರಿಸಲು ಒಂದು ನೆಪ ಆಗಿಬಿಡುತ್ತದೆ.

ಎರಡು ಆಕ್ಷೇಪ

ಈ ಮಾತು ಹೇಳಿದಾಗ ನಮಗೆ ಕೇಳಿಬಂದ ಆಕ್ಷೇಪ ಎರಡು. ಮೊದಲನೆಯದು, ‘ಊರಿನ ಹೋಟೆಲಿನವರೆಲ್ಲ ಕೂಡಿ ಒಂದೇ ದರ ಮಾಡಿಕೊಂಡರೆ ಆಯ್ತಲ್ಲ’. ನಾವು ಒಪ್ಪುವುದಿಲ್ಲ. ಪೈಪೋಟಿಯಲ್ಲಿರುವ ವ್ಯಾಪಾರಿಗಳು ಸೇರಿ ದರ ನಿಗದಿ ಮಾಡಿಕೊಳ್ಳುವುದನ್ನು 2002ರ ಸ್ಪರ್ಧಾ ಕಾಯ್ದೆ ಒಪ್ಪುವುದಿಲ್ಲ. ಕಾಯ್ದೆ ಬದಿಗಿಟ್ಟರೂ, ಒಬ್ಬರ ಬಾಡಿಗೆ ಇನ್ನೊಬ್ಬರಿಗಿಲ್ಲ, ಒಬ್ಬರ ಮನೆಯಲ್ಲೇ ಹಾಲು ಕರೆಯುತ್ತದೆ, ಇನ್ನೊಬ್ಬರು ಪ್ಯಾಕೆಟ್ ತರುತ್ತಾರೆ. ನಿಮ್ಮ ದರ ನಿಮ್ಮ ಚೀಟಿಯಿಂದಲೇ ಹುಟ್ಟಬೇಕು.

ಎರಡನೆಯದು ಭಾರವಾದದ್ದು. ‘ತಿನ್ನುವವರು ಕೂಲಿಯವರು, ಅವರ ಕೂಲಿ ಎಲ್ಲಿ ಏರಿದೆ?’ ಉದ್ಯೋಗ ಖಾತ್ರಿಯ ಕೂಲಿ ಕಾಗದದ ಮೇಲೆ ಏರಿದರೂ ಎಲ್ಲರಿಗೂ ವರ್ಷವಿಡೀ ಕೆಲಸ ಸಿಗುವುದಿಲ್ಲ, ಹಣ ತಡವಾಗಿ ಬರುವುದೂ ಉಂಟು. ಇದು ನಿಜ. ಆದರೆ ದರ ಹಿಡಿದಿಟ್ಟ ಹೋಟೆಲು ಆ ಹೊರೆಯನ್ನು ಇಳಿಸುವುದಿಲ್ಲ, ಬೇರೆಯವರ ಮೇಲೆ ದಾಟಿಸುತ್ತದೆ. ಮೊದಲು ಪಾತ್ರೆ ತೊಳೆಯುವ ಅಕ್ಕನ ಕೂಲಿ ಏರದೆ ನಿಲ್ಲುತ್ತದೆ, ಆಮೇಲೆ ಮನೆಯ ಹೆಂಗಸಿನ ದುಡಿಮೆ ಪುಕ್ಕಟೆಯಾಗುತ್ತದೆ, ಕೊನೆಗೆ ಹೋಟೆಲೇ ಮುಚ್ಚುತ್ತದೆ. ಆಗ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಟ ಕೂಲಿಯವರು ತಾಲ್ಲೂಕಿನ ಹೋಟೆಲಿನಲ್ಲಿ ಇನ್ನೂ ಹೆಚ್ಚು ಕೊಟ್ಟು ತಿನ್ನಬೇಕು. ಅದಕ್ಕೇ ನಮ್ಮದೊಂದು ಷರತ್ತು ಇದೆ. ಇಡ್ಲಿ ದರ ಏರುವ ಏಪ್ರಿಲ್ ಒಂದರಂದೇ ಆಳಿನ ಕೂಲಿಯೂ ಏರಬೇಕು. ನಮ್ಮ ಲೆಕ್ಕದ 270 ರೂಪಾಯಿಯಲ್ಲಿ ಕೂಲಿಯವರ ಪಾಲು 45 ಸೇರಿದೆ. ಗಿರಾಕಿಯಿಂದ ಅದನ್ನು ತೆಗೆದುಕೊಂಡು ಅವರಿಗೆ ಕೊಡದಿದ್ದರೆ ಅದು ಲಾಭ ಅಲ್ಲ, ಬಾಕಿ.

ಈ ಪದ್ಧತಿಗೂ ಮಿತಿ ಇದೆ. ಎದುರಿಗೆ ಇನ್ನೊಂದು ಹೋಟೆಲು ಬಂದು ಗಿರಾಕಿ ಅರ್ಧವಾದರೆ, ರಸ್ತೆ ಅಗಲ ಮಾಡಿ ಬಸ್‌ಸ್ಟ್ಯಾಂಡ್ ಬೇರೆಡೆ ಹೋದರೆ ಎರಡು ರೂಪಾಯಿಯಿಂದ ಏನೂ ಆಗುವುದಿಲ್ಲ. ಇದು ನಿಧಾನವಾಗಿ ಏರುವ ಖರ್ಚಿಗೆ ಮಾತ್ರ ಮದ್ದು. ಇದನ್ನು ಓದುತ್ತಿರುವ ನೀವು ಯಾವ ತಿಂಗಳಲ್ಲಿದ್ದರೂ ಬರುವ ಒಂದನೇ ತಾರೀಕಿಗೆ ಆ ಎಂಟು ದರ ಬರೆಯಲು ಶುರು ಮಾಡಬಹುದು. ಹನ್ನೆರಡು ತಿಂಗಳು ಇನ್ನೂ ತುಂಬಿಲ್ಲ ಎಂದು ಮೊದಲ ಮಾರ್ಚ್ ಬಿಡಬೇಡಿ. ಕಿರಾಣಿ ಅಂಗಡಿಯ ಹಳೇ ಚೀಟಿ, ಗ್ಯಾಸ್ ಏಜೆನ್ಸಿಯ ರಸೀದಿ ಹುಡುಕಿದರೆ ಹೋದ ವರ್ಷದ ದರ ಅಲ್ಲೇ ಸಿಗುತ್ತದೆ.